ತಂಗಿಯ ಜಾತಕದ ಕುಜ: ಏಳನೇ ಮನೆಯೋ, ಎಂಟನೇ ಮನೆಯೋ

2017ರಲ್ಲಿ ತಂಗಿಗೆ ಗಂಡು ನೋಡಲು ಶುರು ಮಾಡಿದಾಗ ಅವಳಿಗೆ 27 ವರ್ಷ. ಕೆಲಸ ಬೆಂಗಳೂರಿನಲ್ಲಿ, ಮನೆ ಶಿವಮೊಗ್ಗದಲ್ಲಿ. ಅಪ್ಪನಿಗೆ ಮೊಣಕಾಲು ನೋವು, ಹಾಗಾಗಿ ಜಾತಕ ಹಿಡಿದು ಓಡಾಡುವ ಕೆಲಸ ನನ್ನ ತಲೆಗೆ ಬಂತು. ನನಗೆ ಆಗ ಲಗ್ನಕ್ಕೂ ರಾಶಿಗೂ ಏನು ವ್ಯತ್ಯಾಸ ಅಂತಲೂ ಗೊತ್ತಿರಲಿಲ್ಲ. ಮೊದಲ ಸಂಬಂಧ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಫೋಟೊ ಒಪ್ಪಿಗೆ ಆಯಿತು, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿದರು, ಆಮೇಲೆ ಒಂದು ವಾರ ಸುದ್ದಿಯೇ ಇಲ್ಲ. ನಾವೇ ಫೋನ್ ಮಾಡಿದಾಗ ಹುಡುಗನ ಸೋದರಮಾವ ಹೇಳಿದರು, "ಬೇಜಾರು ಮಾಡ್ಕೋಬೇಡಿ, ಹುಡುಗಿಗೆ ಅಷ್ಟಮ ಕುಜ ಇದೆಯಂತೆ. ನಮ್ಮ ಹುಡುಗನದು ಶುದ್ಧ ಜಾತಕ."

ಈ 'ಶುದ್ಧ ಜಾತಕ' ಅನ್ನೋ ಮಾತು ಕೇಳಿ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಸಿಟ್ಟು ಬಂತು. ಹಾಗಿದ್ದರೆ ಈ ದೋಷ ಏನು, ಎಷ್ಟು ಜನಕ್ಕೆ ಇರುತ್ತೆ ನೋಡೇ ಬಿಡೋಣ ಅಂತ ಕೂತೆ.

ಎಣಿಸುವುದು ಕಷ್ಟವೇನಲ್ಲ. ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿಯೇ ಲಗ್ನ, ಚಂದ್ರ ಇರುವುದು ಜನ್ಮ ರಾಶಿ. ಕುಂಡಲಿಯಲ್ಲಿ ಲಗ್ನ ಇರುವ ಮನೆಯನ್ನೇ ಒಂದು ಅಂತ ಹಿಡಿದು ಎಣಿಸುತ್ತಾ ಹೋಗಬೇಕು. ಕುಜ 2, 4, 7, 8, 12 ಈ ಐದರಲ್ಲಿ ಎಲ್ಲಿದ್ದರೂ ನಮ್ಮ ಕಡೆ ಕುಜ ದೋಷ ಅನ್ನುತ್ತಾರೆ. ಉತ್ತರದ ಕಡೆಯವರು 2ನ್ನು ಬಿಟ್ಟು 1ನ್ನು ಸೇರಿಸುತ್ತಾರೆ, ಅವರ ಮಾಂಗಲಿಕ ಲೆಕ್ಕ ಅದು. ಹೀಗಾಗಿ ಒಂದೇ ಜಾತಕ ಒಂದು ಆ್ಯಪ್‌ನಲ್ಲಿ ದೋಷ ಇದೆ ಅಂತಲೂ ಇನ್ನೊಂದರಲ್ಲಿ ಇಲ್ಲ ಅಂತಲೂ ಬರಬಹುದು. ಈಗ ನೋಡಿ, ಕುಜ ಒಂದು ರಾಶಿಯಲ್ಲಿ ಸಾಮಾನ್ಯವಾಗಿ ಒಂದೂವರೆ ತಿಂಗಳು ಇರುತ್ತಾನೆ. ಲಗ್ನ ಮಾತ್ರ ಎರಡು ಗಂಟೆಗೊಮ್ಮೆ ಬದಲಾಗುತ್ತಾ ದಿನಕ್ಕೆ ಹನ್ನೆರಡೂ ರಾಶಿ ಸುತ್ತಿ ಬರುತ್ತೆ. ಅಂದರೆ ಯಾವ ದಿನ ತಗೊಂಡರೂ ಆ ದಿನದ ಸುಮಾರು 10 ಗಂಟೆಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಲಗ್ನದಿಂದ ಕುಜ ದೋಷ. ಇಷ್ಟಕ್ಕೇ ನಿಲ್ಲಲ್ಲ. ಚಂದ್ರನಿಂದಲೂ ನೋಡಬೇಕು, ಶುಕ್ರನಿಂದಲೂ ನೋಡಬೇಕು ಅನ್ನುತ್ತಾರೆ. ಮೂರರಿಂದಲೂ ಎಣಿಸಿ, ಯಾವುದಾದರೂ ಒಂದರಿಂದ ಸಿಕ್ಕರೂ ದೋಷ ಅಂದುಬಿಟ್ಟರೆ ಸುಮಾರು ನೂರಕ್ಕೆ 80 ಜನ ಸಿಕ್ಕಿಬೀಳುತ್ತಾರೆ. ಆ ಸೋದರಮಾವನ 'ಶುದ್ಧ ಜಾತಕ'ವನ್ನು ಚಂದ್ರನಿಂದ ಎಣಿಸಿದ್ದರೋ ಇಲ್ಲವೋ ಅಂತ ಆವತ್ತು ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ, ಹೋಗಲಿ.

ಇಷ್ಟೊಂದು ಜನಕ್ಕೆ ಇರುತ್ತೆ ಅಂದಮೇಲೆ ಶಾಸ್ತ್ರದಲ್ಲೇ ದೋಷ ಕಳೆಯುವ ನಿಯಮಗಳೂ ಇರಲೇಬೇಕಲ್ವಾ, ಇವೆ. ಬೇಕಾದಷ್ಟಿವೆ. ತೊಂದರೆ ಏನಂದರೆ ಹೆಣ್ಣಿನ ಜಾತಕ ಬಂದಾಗ ಎಣಿಸುವವರು ಜಾಸ್ತಿ, ಕಳೆಯುವವರು ಕಮ್ಮಿ.

ತಂಗಿಯ ಜಾತಕವನ್ನೇ ಹೇಳುತ್ತೇನೆ, ಆಗ ಅರ್ಥ ಆಗುತ್ತೆ. ಹುಟ್ಟಿದ್ದು 1990ರ ಫೆಬ್ರವರಿ ಮೊದಲ ವಾರ, ಶಿವಮೊಗ್ಗದಲ್ಲೇ. ಆಸ್ಪತ್ರೆ ಕಾರ್ಡಿನಲ್ಲಿ ಮಧ್ಯಾಹ್ನ 2.40 ಅಂತ ಬರೆದಿದೆ. ಭರಣಿ ನಕ್ಷತ್ರ, ಮೇಷ ರಾಶಿ. ಕುಜ ಧನುವಿನಲ್ಲಿ. ಅದೇ ಮನೆಯಲ್ಲಿ ಶನಿ, ಶುಕ್ರ, ಬುಧರೂ ಇದ್ದಾರೆ. ಗುರು ಎದುರುಗಡೆ ಮಿಥುನದಲ್ಲಿ. 2.40ಕ್ಕೆ ಲಗ್ನ ವೃಷಭ. ವೃಷಭದಿಂದ ಎಣಿಸಿದರೆ ಧನು ಎಂಟನೇ ಮನೆ, ಹಾಗಾಗಿ ಅಷ್ಟಮ ಕುಜ. ಚಂದ್ರ ಇರುವ ಮೇಷದಿಂದ ಎಣಿಸಿದರೆ ಒಂಬತ್ತು, ದೋಷ ಇಲ್ಲ. ಶುಕ್ರನ ಜತೆಗೇ ಇರುವುದರಿಂದ ಅಲ್ಲಿಂದ ಒಂದು, ಅದು ನಮ್ಮ ಲೆಕ್ಕಕ್ಕೆ ಬರಲ್ಲ. ಅಂದರೆ ಇಡೀ ತಕರಾರು ಲಗ್ನದಿಂದ ಎಣಿಸಿದ್ದರ ಮೇಲೆ ಮಾತ್ರ.

ಮೊದಲು ಹೋಗಿದ್ದು ನಮ್ಮ ಮನೆಗೆ ಹಿಂದಿನಿಂದಲೂ ಬೇಕಾದ ಜೋಯಿಸರ ಹತ್ತಿರ. ಅವರು ಕುಂಡಲಿ ನೋಡಿ ಮುಖ ಸಣ್ಣ ಮಾಡಿಕೊಂಡರು. "ಧನೇ ವ್ಯಯೇ ಚ ಪಾತಾಳೇ ಜಾಮಿತ್ರೇ ಚಾಷ್ಟಮೇ ಕುಜೇ" ಅಂತ ಶ್ಲೋಕ ಹೇಳಿ, ಉಳಿದರ್ಧ ಅಮ್ಮ ಇದ್ದಾರೆ ಅಂತ ಹೇಳಲಿಲ್ಲ. ಅದು ಗಂಡನಿಗೆ ಹೆಂಡತಿಯಿಂದ, ಹೆಂಡತಿಗೆ ಗಂಡನಿಂದ ಆಗುವ ಪ್ರಾಣಹಾನಿಯ ಮಾತು. ಅವರು ಗಂಭೀರ ಅಂದಿದ್ದಕ್ಕೆ ಕಾರಣ ಬರೀ ಎಂಟನೇ ಮನೆ ಅಲ್ಲ. ವೃಷಭ ಲಗ್ನಕ್ಕೆ ಏಳನೇ ಮನೆ ವೃಶ್ಚಿಕ, ಅದರ ಯಜಮಾನ ಕುಜನೇ. ಮದುವೆಯ ಮನೆಯ ಯಜಮಾನ ಹೋಗಿ ಎಂಟರಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ಶನಿ ಬೇರೆ. "ಕುಜ ಒಬ್ಬನೇ ಇದ್ರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ ತಮ್ಮಾ, ಕುಜ ಶನಿ ಸೇರಿದ್ದು ನನಗೆ ಸರಿ ಕಾಣ್ತಿಲ್ಲ" ಅಂದರು. ನನಗೆ ಆ ಮಾತು ಇಷ್ಟ ಆಯಿತು, ಯಾಕೆಂದರೆ ಅವರು ಹೆದರಿಸಿ ಏನೂ ಮಾರಲಿಲ್ಲ, ಕಾರಣ ಹೇಳಿದರು. ಮುಂದೆ ಅನೇಕರನ್ನು ನೋಡಿದ ಮೇಲೆ ಗೊತ್ತಾಯಿತು, ಗಂಭೀರ ಅನ್ನುವವರೆಲ್ಲ ಹೆಚ್ಚುಕಮ್ಮಿ ನೋಡುವುದು ಇದನ್ನೇ. ಏಳು ಎಂಟನೇ ಮನೆಯೋ ಅಲ್ಲವೋ, ಜತೆಗೆ ಶನಿ ರಾಹು ಇದ್ದಾರೋ, ಏಳರ ಯಜಮಾನನ ಗತಿ ಏನು, ಶುಭ ಗ್ರಹದ ದೃಷ್ಟಿ ಇದೆಯೋ ಇಲ್ಲವೋ. ಎರಡು ಅಥವಾ ಹನ್ನೆರಡರಲ್ಲಿ ಒಂಟಿಯಾಗಿ ಕೂತ ಕುಜನ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲ್ಲ.

ಎರಡನೆಯವರು ಬೆಂಗಳೂರಿನಲ್ಲಿ ಸಿಕ್ಕರು. ಅಲ್ಲಿ ಹಾಲ್‌ನಲ್ಲಿ ಟೋಕನ್ ಪದ್ಧತಿ. ಒಳಗೆ ಹೋಗಿ ಐದು ನಿಮಿಷ ಆಗಿರಲಿಲ್ಲ, ಮೊದಲು ಬಾಳೆ ಗಿಡದ ಜತೆ ಮದುವೆ ಮಾಡಿಸಬೇಕು, ಇಲ್ಲ ಕುಂಭದ ಜತೆ ಮದುವೆ, ಅಂದರೆ ಕುಂಭ ವಿವಾಹ ಮಾಡಿಸಬೇಕು, ಸಾಮಗ್ರಿ ಎಲ್ಲ ನಮ್ಮದೇ, 25 ಸಾವಿರ ಅಂದರು. ಗುರು ಎಲ್ಲಿದ್ದಾನೆ ಅಂತ ಬೆರಳಿಟ್ಟು ನೋಡಲೂ ಇಲ್ಲ. ಆಮೇಲೆ ನಮ್ಮ ಜೋಯಿಸರನ್ನು ಕೇಳಿದಾಗ ಅವರಿಗೇ ಸಿಟ್ಟು ಬಂತು. ಕುಂಭ ವಿವಾಹ ಹೇಳಿರುವುದು ವೈಧವ್ಯ ಯೋಗ ಸ್ಪಷ್ಟವಾಗಿ ಇರುವ ಜಾತಕಕ್ಕೆ, ಕುಜ ಎಂಟರಲ್ಲಿದ್ದ ಕೂಡಲೇ ಎಲ್ಲರಿಗೂ ಮಾಡಿಸುವ ಕೆಲಸ ಅಲ್ಲ ಅಂದರು. ಈ ವಿಷಯ ತಂಗಿಗೆ ಹೇಳಿದಾಗ ಅವಳು, "ಬಾಳೆ ಗಿಡಕ್ಕೂ ಜಾತಕ ತರ್ಸಿ ನೋಡಿದ್ರಾ?" ಅಂತ ಕೇಳಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಕಳೆಯುವ ನಿಯಮವನ್ನು ಬಿಡಿಸಿ ಹೇಳಿದ್ದು ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರು. ಶಾಲಾ ಮೇಷ್ಟ್ರಾಗಿ ನಿವೃತ್ತರಾದವರು, ಜಾತಕ ನೋಡಿ ದುಡ್ಡು ತಗೊಳ್ಳುವವರಲ್ಲ. ಅವರ ಮನೆ ಜಗುಲಿಯಲ್ಲಿ ಮಣೆ ಮೇಲೆ ಕೂತು, ಪಂಚಾಂಗ ತೆಗೆದು, ಹಳೇ ಡೈರಿಯೊಂದರ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಮನೆಗಳನ್ನು ಬರೆದರು. ಮೊದಲ ಮಾತೇ, "ಎಂಟರಲ್ಲಿ ಕುಜ ಇದ್ರೂ ಧನು ಮೀನದಲ್ಲಿದ್ರೆ ದೋಷ ಇಲ್ಲ ಅಂತ ಅಪವಾದ ಇದೆ. ಅವೆರಡೂ ಗುರುವಿನ ಮನೆ." ನನಗೆ ಜೀವ ಬಂದ ಹಾಗಾಯಿತು. ಇಂಥದ್ದು ಪ್ರತಿ ಸ್ಥಾನಕ್ಕೂ ಇದೆ. ಎರಡರಲ್ಲಿದ್ದಾಗ ಮಿಥುನ ಕನ್ಯಾ, ನಾಲ್ಕರಲ್ಲಿ ಅವನದ್ದೇ ಮನೆಯಾದ ಮೇಷ ವೃಶ್ಚಿಕ, ಏಳರಲ್ಲಿ ಕಟಕ ಮಕರ, ಹನ್ನೆರಡರಲ್ಲಿ ವೃಷಭ ತುಲಾ. ಸಿಂಹ ಕುಂಭದಲ್ಲಿದ್ದರಂತೂ ಯಾವ ಸ್ಥಾನವಾದರೂ ದೋಷ ಹಿಡಿಯಬಾರದು ಅನ್ನುತ್ತಾರೆ. ಇನ್ನು ಕಟಕ ಮತ್ತು ಸಿಂಹ ಲಗ್ನದವರಿಗೆ ಕುಜ ಯೋಗಕಾರಕ, ಒಳ್ಳೆಯದು ಮಾಡುವವನು, ಆದ್ದರಿಂದ ಅವರಿಗೂ ದೋಷ ಹೇಳುವ ಹಾಗಿಲ್ಲ ಅನ್ನುವವರು ಬಹಳ ಜನ.

ಆದರೆ ಆ ಹಿರಿಯರು ಅಲ್ಲಿಗೇ ನಿಲ್ಲಿಸಲಿಲ್ಲ. "ಹುಟ್ಟಿದ ಟೈಮ್ ಎಷ್ಟು ಗಟ್ಟಿ?" ಅಂತ ಕೇಳಿದರು. ಕಾರ್ಡ್ ತೋರಿಸಿದೆ. ಅವರು ಲೆಕ್ಕ ಹಾಕಿ, "ಆವತ್ತು ಶಿವಮೊಗ್ಗದಲ್ಲಿ 2.47ರ ಹೊತ್ತಿಗೆ ಲಗ್ನ ಮಿಥುನಕ್ಕೆ ಬದಲಾಗುತ್ತೆ. ಇವಳು ವೃಷಭದ ಕೊನೇ ಅಂಚಿನಲ್ಲಿ ಹುಟ್ಟಿದ್ದಾಳೆ" ಅಂದರು. ಅಂದರೆ ಏಳು ನಿಮಿಷ ತಡವಾಗಿ ಹುಟ್ಟಿದ್ದರೆ ಕುಜ ಎಂಟನೇ ಮನೆಯಿಂದ ಏಳನೇ ಮನೆಗೆ ಬರುತ್ತಾನೆ. ಏಳಕ್ಕೆ ಬಂದರೆ ಧನುವಿನ ಅಪವಾದ ಕೈಬಿಟ್ಟು ಹೋಗುತ್ತೆ, ಯಾಕೆಂದರೆ ಏಳರಲ್ಲಿ ವಿನಾಯಿತಿ ಇರುವುದು ಕಟಕ ಮಕರಕ್ಕೆ ಮಾತ್ರ.

ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಅವರೇ. "ಕಾರ್ಡಲ್ಲಿ ಬರ್ದಿದ್ದು ಆಮೇಲೆ ಕಣಪ್ಪ, ಮಗೂನ ಒರೆಸಿ, ತೂಕ ಮಾಡಿ, ನಂತರ ನರ್ಸಮ್ಮ ಗಡಿಯಾರ ನೋಡಿದ್ಳು" ಅಂದರು. ಹಾಗಿದ್ದರೆ ಇನ್ನೂ ಮೊದಲೇ ಹುಟ್ಟಿರಬೇಕು, ವೃಷಭವೇ ಸರಿ. ಅಮ್ಮ ಮಾತ್ರ "ಇಲ್ಲ, ಮೂರು ಗಂಟೆ ಆಗ್ತಾ ಬಂದಿತ್ತು" ಅಂತ ಹಟ. ಹೆತ್ತವಳು ಅವಳು, ಏನು ಹೇಳೋದು? 2.40 ಅನ್ನುವುದೇ ಒಂಥರಾ ಹತ್ತಿರದ ಅಂಕೆಗೆ ಸರಿಮಾಡಿ ಬರೆದ ಹೊತ್ತು. ಎಷ್ಟು ಜನರ ಕಾರ್ಡಿನಲ್ಲಿ 2.37 ಅಂತ ಇರುತ್ತೆ ಹೇಳಿ?

ಇದರ ಮೇಲೆ ಇನ್ನೊಂದು ಗಂಟು. ನಮ್ಮ ಜೋಯಿಸರು ಮತ್ತೆ ಕೂತು ಭಾವ ಕುಂಡಲಿ ಹಾಕಿದರು. ರಾಶಿ ಕುಂಡಲಿಯಲ್ಲಿ ಒಂದು ರಾಶಿ ಇಡೀ ಒಂದು ಮನೆ. ಭಾವ ಕುಂಡಲಿಯಲ್ಲಿ ಲಗ್ನದ ಡಿಗ್ರಿಯೇ ಮೊದಲ ಮನೆಯ ನಡುಮಧ್ಯ, ಅಲ್ಲಿಂದ ಹಿಂದೆ ಮುಂದೆ ಹದಿನೈದು ಹದಿನೈದು ಡಿಗ್ರಿ ಆ ಮನೆಗೆ ಸೇರುತ್ತೆ. ತಂಗಿಯ ಲಗ್ನ ವೃಷಭದ 28ನೇ ಡಿಗ್ರಿ ದಾಟಿದೆ, ಹಾಗಾಗಿ ಏಳನೇ ಮನೆ ವೃಶ್ಚಿಕದ ನಡುವಿನಿಂದ ಶುರುವಾಗಿ ಧನುವಿನ 13 ಡಿಗ್ರಿವರೆಗೂ ಹೋಗುತ್ತೆ. ಕುಜ ಇರುವುದು ಧನುವಿನ 9ರಲ್ಲಿ. ಅಂದರೆ ರಾಶಿಯಲ್ಲಿ ಎಂಟು, ಭಾವದಲ್ಲಿ ಏಳು! ಇನ್ನು ಆಯನಾಂಶದ ವಿಷಯ, ಅಂದರೆ ರಾಶಿಚಕ್ರ ಎಲ್ಲಿಂದ ಶುರು ಅಂತ ಹಿಡಿಯುವ ಲೆಕ್ಕ. ಹೆಚ್ಚಿನ ಪಂಚಾಂಗಗಳು ಲಾಹಿರಿ ಆಯನಾಂಶ ಹಿಡಿಯುತ್ತವೆ, ನಮ್ಮ ಕಡೆ ಕೆಲವರು ರಾಮನ್ ಆಯನಾಂಶ ಹಿಡಿಯುತ್ತಾರೆ. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಹೆಚ್ಚಿನವರಿಗೆ ಇದರಿಂದ ಏನೂ ಆಗಲ್ಲ. ಇವಳ ಲಗ್ನ ಅಂಚಿನಲ್ಲೇ ಇರುವುದರಿಂದ ಆ ಒಂದೂವರೆ ಡಿಗ್ರಿ ಸೇರಿಸಿದರೆ ಅದೇ 2.40ಕ್ಕೇ ಲಗ್ನ ಮಿಥುನದ ಬಾಗಿಲಿಗೆ ಬಂದು ನಿಲ್ಲುತ್ತೆ.

ಹೀಗೆ ಒಬ್ಬರು ಎಂಟು, ಧನು, ಆದ್ದರಿಂದ ದೋಷ ಇಲ್ಲ ಅಂತಲೂ ಇನ್ನೊಬ್ಬರು ಏಳು, ಪೂರ್ತಿ ದೋಷ ಅಂತಲೂ ಹೇಳುತ್ತಿದ್ದರೆ ನಾನು ಯಾರ ಮಾತು ಹಿಡಿದು ಗಂಡಿನ ಕಡೆಯವರಿಗೆ ಉತ್ತರ ಕೊಡಬೇಕು?

ಮತ್ತೆ ತೀರ್ಥಹಳ್ಳಿಗೇ ಹೋದೆ. ಆ ಹಿರಿಯರು ಹೇಳಿದ ಮಾತು ನನಗೆ ಇಡೀ ಓಡಾಟದಲ್ಲಿ ಸಿಕ್ಕಿದ ಅತ್ಯಂತ ಉಪಯೋಗದ ಮಾತು. ಕಳೆಯುವ ನಿಯಮಗಳಲ್ಲಿ ಎರಡು ಥರ ಇವೆ ಅಂದರು. ಒಂದು, ಯಾವ ಮನೆ ಅನ್ನುವುದರ ಮೇಲೆ ನಿಂತಿರುವಂಥದ್ದು. ಹುಟ್ಟಿದ ಹೊತ್ತು ಅಲುಗಾಡಿದರೆ ಅದೂ ಅಲುಗಾಡುತ್ತೆ. ಇನ್ನೊಂದು, ಗ್ರಹ ಗ್ರಹಗಳ ನಡುವಿನದು. ಕುಜನ ಜತೆ ಗುರು ಇದ್ದಾನಾ, ಚಂದ್ರ ಇದ್ದಾನಾ, ಗುರುವಿನ ದೃಷ್ಟಿ ಇದೆಯಾ ಅನ್ನುವುದು. ಇದು ಅರ್ಧ ಗಂಟೆ ಹಿಂದೆ ಮುಂದೆ ಆದರೂ ಬದಲಾಗಲ್ಲ. ಆಯನಾಂಶ ಬದಲಿಸಿದರೆ ಎಲ್ಲ ಗ್ರಹಗಳೂ ಒಟ್ಟಿಗೇ ಸರಿಯುತ್ತವೆ, ಅವುಗಳ ನಡುವಿನ ಅಂತರ ಹಾಗೇ ಇರುತ್ತೆ. "ನಿನ್ನ ತಂಗಿ ಜಾತಕದಲ್ಲಿ ಗುರು ಮಿಥುನದ 7 ಡಿಗ್ರಿ, ಕುಜ ಧನುವಿನ 9. ನೇರ ಎದುರು. ಏಳನೇ ದೃಷ್ಟಿ ಇದಕ್ಕಿಂತ ಚೊಕ್ಕವಾಗಿ ಬೀಳಲ್ಲ. ಎಂಟು ಅಂದ್ರೆ ಧನು ರಾಶಿ ಕಾಪಾಡ್ತು, ಮೇಲೆ ಗುರು ದೃಷ್ಟಿ. ಏಳು ಅಂದ್ರೆ ಲಗ್ನ ಮಿಥುನ, ಗುರು ಲಗ್ನದಲ್ಲೇ ಕೂತ ಹಾಗಾಯ್ತು. ಅವನೇ ಏಳರ ಯಜಮಾನ, ತನ್ನ ಮನೆಯನ್ನ ತಾನೇ ನೋಡ್ತಿದಾನೆ. ಯಾವ ಕಡೆಯಿಂದ ಬಂದ್ರೂ ದೋಷಕ್ಕೆ ಬಲ ಇಲ್ಲ. ಶನಿ ಇದಾನೆ ಅಂತೀರಾ, ಇದಾನೆ, ಆದ್ರೆ 26ರಲ್ಲಿದಾನೆ, ಕುಜನಿಂದ ದೂರ. ಮದುವೆ ತಡ ಆಗಬಹುದು, ಅಷ್ಟೆ."

ನಾನು ಇದನ್ನು ಒಂದು ಹಾಳೆಯಲ್ಲಿ ಬರೆದು, ಕುಂಡಲಿಯ ಜತೆ ಪಿನ್ ಮಾಡಿದೆ. ಮುಂದಿನ ಸಂಬಂಧಗಳಿಗೆಲ್ಲ ಆ ಹಾಳೆಯೂ ಹೋಯಿತು. ಮುಚ್ಚಿಟ್ಟು ಆಮೇಲೆ ಸಿಕ್ಕಿಬೀಳುವುದಕ್ಕಿಂತ ಇದು ವಾಸಿ. ಕೆಲವರು ಓದಿದರು, ಕೆಲವರು ಓದದೇ "ದೋಷ ಇದೆ ಅಲ್ವಾ" ಅಂದರು. ಒಬ್ಬರಂತೂ 28 ತುಂಬಿದ ಮೇಲೆ ಕುಜ ದೋಷ ತಾನಾಗೇ ಹೋಗುತ್ತೆ, ಆಗ ಮಾತಾಡೋಣ ಅಂದರು. ಈ 28ರ ಮಾತು ಎಲ್ಲ ಕಡೆ ಓಡಾಡುತ್ತೆ, ಆದರೆ ನಮ್ಮ ಇಬ್ಬರು ಹಿರಿಯರೂ ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ನಡುವೆ ಒಂದು ಸಂಬಂಧ ಬಂತು. ಹುಡುಗನಿಗೂ ಕುಜ ದೋಷ, ಇಬ್ಬರಿಗೂ ಇದ್ದರೆ ಸಾಮ್ಯ, ಸರಿಹೋಯಿತು ಅಂತ ಬ್ರೋಕರ್ ತುಂಬಾ ಒತ್ತಾಯ ಮಾಡಿದರು. ನಮ್ಮ ಜೋಯಿಸರು ನೋಡಿ ಬೇಡ ಅಂದರು. ಹುಡುಗನಿಗೆ ದೋಷ ಬರುತ್ತಿದ್ದುದು ಶುಕ್ರನಿಂದ ಎಣಿಸಿದಾಗ, ಅದೂ ಹನ್ನೆರಡರಲ್ಲಿ. ಅವರ ಲೆಕ್ಕದಲ್ಲಿ ಲಗ್ನದಿಂದ ಬಂದದ್ದು ಪೂರ್ತಿ, ಚಂದ್ರನಿಂದ ಅರ್ಧ, ಶುಕ್ರನಿಂದ ಕಾಲು. ಕೆಲವರು ಈ ತೂಕ ಬೇರೆ ಥರ ಇಡುತ್ತಾರೆ, ಶುಕ್ರನೇ ಮುಖ್ಯ ಅನ್ನುವವರೂ ಇದ್ದಾರೆ. ಏನೇ ಇರಲಿ, ಇಬ್ಬರ ಕಾಗದದಲ್ಲೂ 'ದೋಷ ಇದೆ' ಅಂತ ಅಚ್ಚಾದ ಮಾತ್ರಕ್ಕೆ ಸಾಮ್ಯ ಆಗಲ್ಲ, ಎರಡು ತಟ್ಟೆಯನ್ನೂ ತೂಗಿ ನೋಡಬೇಕು. ಇದನ್ನು ನೋಡದೇ ದೋಷ ಇರುವ ಹುಡುಗಿಗೆ ದೋಷ ಇರುವ ಹುಡುಗ ಸಿಕ್ಕರೆ ಸಾಕು ಅಂತ ಎಷ್ಟೋ ಮನೆಗಳಲ್ಲಿ ಕೈಗೆ ಬಂದ ಸಂಬಂಧಕ್ಕೆ ಹೂಂ ಅನ್ನುತ್ತಾರೆ. ಹುಡುಗನ ಕೆಲಸ, ಗುಣ, ಮನೆತನ ಎಲ್ಲ ಹಿಂದೆ ಬೀಳುತ್ತೆ. ನನಗೆ ದೋಷಕ್ಕಿಂತ ಭಯ ಇದರದ್ದೇ ಇತ್ತು.

ಕೊನೆಗೆ ಕೂಡಿ ಬಂದಿದ್ದು ದಾವಣಗೆರೆ ಕಡೆಯ ಸಂಬಂಧ. ಹುಡುಗನದು ಕನ್ಯಾ ಲಗ್ನ, ಕುಜ ಮೀನದಲ್ಲಿ, ಅಂದರೆ ಲಗ್ನದಿಂದ ನೇರ ಏಳು. ಅವರ ಮನೆಯವರೂ ನಮ್ಮ ಹಾಗೇ ಎರಡು ಮೂರು ಕಡೆ ಬೇಡ ಅನ್ನಿಸಿಕೊಂಡವರು. ಅವರ ಜ್ಯೋತಿಷಿಗಳು ರಾಮನ್ ಆಯನಾಂಶದವರು, ತಂಗಿಯದು ಮಿಥುನ ಲಗ್ನವೇ, ಕುಜ ಏಳರಲ್ಲೇ ಅಂದರು. ನಮ್ಮ ಜೋಯಿಸರು ವೃಷಭ ಬಿಡಲ್ಲ. ಇಬ್ಬರನ್ನೂ ಫೋನಿನಲ್ಲಿ ಸೇರಿಸಿದೆ, ಸ್ಪೀಕರ್ ಹಾಕಿ. ಮುಕ್ಕಾಲು ಗಂಟೆ ಲಗ್ನದ ಬಗ್ಗೆಯೇ ಜಗಳ. ಆಮೇಲೆ ದಾವಣಗೆರೆಯವರೇ, "ಇರ್ಲಿ ಸ್ವಾಮಿ, ನಿಮ್ಮ ಲಗ್ನವೇ ಹಿಡೀರಿ. ಭಾವದಲ್ಲಿ ಏಳು ತಾನೆ? ನಮ್ಮ ಹುಡುಗಂದೂ ಏಳು. ಗುರು ನೋಡ್ತಿರೋದಂತೂ ಇಬ್ಬರೂ ಒಪ್ತೀವಿ. ಇನ್ನೇನು ಬೇಕು?" ಅಂದರು. ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಲಾವಳಿಲಿ ಉಳಿದದ್ದೆಲ್ಲ ಕೂಡಿದೆ, ಮಾಡ್ಬಹುದು" ಅಂದರು. ತಂಗಿ ಮತ್ತು ಹುಡುಗ ಅಷ್ಟು ಹೊತ್ತಿಗೆ ದಿನಾ ರಾತ್ರಿ ಮಾತಾಡುತ್ತಿದ್ದರು ಅನ್ನುವುದು ನನಗೆ ಮಾತ್ರ ಗೊತ್ತಿತ್ತು.

ಮದುವೆ 2018ರ ಏಪ್ರಿಲ್ ಕೊನೆಗೆ ಆಯಿತು, ಮೇ ಮಧ್ಯದಲ್ಲಿ ಅಧಿಕ ಮಾಸ ಬರುತ್ತಿತ್ತು, ಅದಕ್ಕೆ ಮೊದಲೇ ಮುಗಿಸಿದೆವು. ಅವರ ಕಡೆಯಿಂದ ಬಂದ ಬೇಡಿಕೆ ಒಂದೇ, ಮುಂಚೆ ಒಂದು ಮಂಗಳವಾರ ನಮ್ಮ ಮನೆಯಲ್ಲಿ ಕುಜ ಶಾಂತಿ ಮಾಡಿಸಿ ಅಂತ. ಮಾಡಿಸಿದೆವು. ಕೆಂಪು ವಸ್ತ್ರ ಹಾಸಿ, ಅದರ ಮೇಲೆ ತೊಗರಿ ಹರವಿ, ಕಲಶ ಇಟ್ಟು ಪೂಜೆ, ಆಮೇಲೆ ಹೋಮ. ಕುಜನಿಗೆ ಹಾಕುವ ಸಮಿತ್ತು ಕಗ್ಗಲಿಯದು, ಅದನ್ನು ಹುಡುಕುವುದೇ ದೊಡ್ಡ ಕೆಲಸ ಆಯಿತು. ಗ್ರಂಥಿಗೆ ಅಂಗಡಿಯವನು ಯಾವುದೋ ಕಡ್ಡಿ ಕಟ್ಟು ಕೊಟ್ಟು ಎಲ್ಲ ಒಂದೇ ಸಾರ್ ಅಂದ. ಪುರೋಹಿತರು ಮುರಿದು ನೋಡಿ ವಾಪಸ್ ಕಳಿಸಿದರು. ಕಗ್ಗಲಿ ಆದರೆ ಒಳಗೆ ಕೆಂಪಗಿರುತ್ತೆ, ಮುಳ್ಳಿನ ಗುರುತಿರುತ್ತೆ ಅಂತ ಹೇಳಿಕೊಟ್ಟರು. ತೊಗರಿ, ಕೆಂಪು ವಸ್ತ್ರ ಎರಡನ್ನೂ ದಾನ ಕೊಟ್ಟೆವು. ದಕ್ಷಿಣೆ ಎಲ್ಲ ಸೇರಿ ಆ 25 ಸಾವಿರದ ಹತ್ತಿರಕ್ಕೂ ಹೋಗಲಿಲ್ಲ.

ಈಗ ನೆಂಟರಲ್ಲಿ ಯಾರಿಗೇ ಕುಜ ದೋಷ ಅಂದರೂ ನನಗೆ ಫೋಟೊ ಕಳಿಸುತ್ತಾರೆ. ನಾನು ಜ್ಯೋತಿಷಿ ಅಲ್ಲ ಅಂದರೂ ಕೇಳಲ್ಲ. ಹೋದ ವರ್ಷ ಚಿಕ್ಕಮ್ಮನ ಮಗಳದ್ದು ಬಂತು. ಮನೆಯಲ್ಲೇ ಹೆರಿಗೆ ಆಗಿದ್ದು, ಹುಟ್ಟಿದ ಹೊತ್ತು ಬೆಳಗಿನ ಜಾವ ಅನ್ನುವುದು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಯಾರೋ ಅಂದಾಜಿನ ಮೇಲೆ ಲಗ್ನ ಹಾಕಿ ನಾಲ್ಕರಲ್ಲಿ ಕುಜ ಅಂತ ಬರೆದುಕೊಟ್ಟಿದ್ದರು. ಕುಜ ಎಲ್ಲಿದ್ದಾನೆ ನೋಡಿದೆ, ಸಿಂಹದಲ್ಲಿದ್ದ. ರಾಶಿಯ ಮಧ್ಯದಲ್ಲಿ, ಅಂಚಿನಲ್ಲಲ್ಲ, ಹಾಗಾಗಿ ಯಾವ ಆಯನಾಂಶ ಹಿಡಿದರೂ ಸಿಂಹ ಬಿಟ್ಟು ಹೋಗಲ್ಲ. ಸಿಂಹದಲ್ಲಿದ್ದರೆ ಯಾವ ಮನೆಯಾದರೂ ದೋಷ ಹಿಡಿಯಬಾರದು ಅನ್ನುವ ನಿಯಮ ಇದೆಯಲ್ಲ, ಅದಕ್ಕೆ ಹುಟ್ಟಿದ ಹೊತ್ತೇ ಬೇಕಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ, ನಾಲ್ಕನೇ ಮನೆ ಅಂತ ಬರೆದುಕೊಟ್ಟವರ ಹತ್ತಿರ ಹೋಗಿ ಇದೊಂದನ್ನು ಕೇಳಿ ಅಂದೆ. ಅವರು ಕನ್ನಡಕ ಹಾಕಿಕೊಂಡು ಮತ್ತೆ ನೋಡಿ, "ಓ, ಸಿಂಹದಲ್ಲಿದಾನಲ್ಲ" ಅಂದರಂತೆ, ಮೇಲೆ ಶಾಂತಿಯೂ ಬೇಡ ಅಂದರಂತೆ.